ಹೊರೆ ಹೊತ್ತ ಹೆಗಲಿನ ಅರಿವೆ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಮ್ಮ ಹಳ್ಳಿಗಳಲ್ಲಿ ಜಾತ್ರೆ ಹತ್ತಿರ ಬಂತೆಂದರೆ ನಾಟಕದ ತಾಲೀಮು ಶುರುವಾಗುತ್ತದೆ. ಹಗಲು ಹೊಲದ ಕೆಲಸ, ರಾತ್ರಿ ಗುಡಿಯ ಕಟ್ಟೆಯ ಮೇಲೆ ಮಾತು, ಹಾಡು. ಮಾಸ್ತರರು ಮಾತು ಕಲಿಸುತ್ತಾರೆ. ಪೇಟಿಯವರು ಹಾಡು ಕಲಿಸುತ್ತಾರೆ. ಡ್ರೆಸ್ಸನ್ನು ಮಾತ್ರ ಪೇಟೆಯಿಂದ ಬಾಡಿಗೆಗೆ ತರುತ್ತಾರೆ. ರಾಜನ ಮಖಮಲ್ಲಿನ ನಿಲುವಂಗಿ ಬಾಡಿಗೆಗೆ ಸಿಗುತ್ತದೆ. ಮಂತ್ರಿಯದು ಸಿಗುತ್ತದೆ. ದೇವರ ಕಿರೀಟವೂ ಸಿಗುತ್ತದೆ. ಆದರೆ ಬಡವನ ಅರಿವೆ ಬಾಡಿಗೆಗೆ ಸಿಗುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಹೊಸ ಬಟ್ಟೆಯನ್ನು ಹಳೆಯದು ಮಾಡುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು.

ಇದಕ್ಕೆ ನಮ್ಮ ಸೀಮೆಯದೇ ಒಂದು ಪಾತ್ರವನ್ನು ತೆಗೆದುಕೊಂಡಿದ್ದೇನೆ. ಮೋಳಿಗೆಯ ಮಾರಯ್ಯ. 12ನೆಯ ಶತಮಾನದ ಶರಣ. ಕಾಶ್ಮೀರದ ಅರಸು, ಮಹಾದೇವ ಭೂಪಾಲನೆಂಬ ಹೆಸರಿನವನು, ರಾಜ್ಯ ಬಿಟ್ಟು ಹೆಂಡತಿಯೊಂದಿಗೆ ಕಲ್ಯಾಣಕ್ಕೆ ಬಂದ ಎಂದು ಕಥೆ ಹೇಳುತ್ತದೆ. ಇಲ್ಲಿ ಅವನು ಹಿಡಿದದ್ದು ಕಟ್ಟಿಗೆ ಮಾರುವ ಕಾಯಕ. ಮೋಳಿಗೆ ಅಂದರೆ ಕಟ್ಟಿಗೆಯ ಹೊರೆ. ಆ ಹೊರೆಯೇ ಅವನ ಹೆಸರಾಯಿತು. ಹುಮನಾಬಾದಿನ ಕಡೆಯ ಮೋಳಕೇರಾದಲ್ಲಿ ಅವನ ಗವಿಯನ್ನು ಇವತ್ತಿಗೂ ತೋರಿಸುತ್ತಾರೆ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಕಲ್ಯಾಣದ ಶರಣರೆಂದರೆ ನಮಗೆ ಪಕ್ಕದೂರಿನ ನೆಂಟರಿದ್ದಂತೆ.

ಈ ಪಾತ್ರದಲ್ಲಿ ಒಂದು ವಿಶೇಷ ಇದೆ. ಮೊದಲ ಅಂಕದಲ್ಲಿ ಅವನು ಅರಸು. ಬಾಡಿಗೆಯ ನಿಲುವಂಗಿ ಸಾಕು. ಎರಡನೆಯ ಅಂಕದಲ್ಲಿ ಅವನೇ ಕಟ್ಟಿಗೆಯವನು. ಮೈ ಅದೇ, ಮುಖ ಅದೇ. ನಡುವೆ ಕಳೆದ ವರ್ಷಗಳನ್ನು ಹೇಳಬೇಕಾದದ್ದು ಅರಿವೆ ಮಾತ್ರ. ಅದು ಸುಳ್ಳಾಡಿದರೆ ನಟ ಎಷ್ಟೇ ಚೆನ್ನಾಗಿ ಮಾತಾಡಲಿ, ಅವನು ವೇಷ ಹಾಕಿದ ರಾಜನಾಗಿಯೇ ಉಳಿಯುತ್ತಾನೆ.

ನಾನು ಮೊದಲ ಸಲ ಈ ಪಾತ್ರಕ್ಕೆ ಬಟ್ಟೆ ಮಾಡಿದಾಗ ಹೀಗೇ ಆಯಿತು. ಹೊಸ ಧೋತರ, ಹೆಗಲಿನ ವಸ್ತ್ರ ತಂದೆ. ಒಂದು ದೊಡ್ಡ ಪಾತೇಲಿ ಚಹಾ ಕುದಿಸಿ ಅದರಲ್ಲಿ ಅದ್ದಿದೆ. ಕತ್ತರಿಯಿಂದ ಅಲ್ಲಲ್ಲಿ ಕತ್ತರಿಸಿದೆ. ಕೆಂಪು, ನೀಲಿ ಚೌಕಗಳನ್ನು ಮಷೀನಿನಲ್ಲಿ ಹೊಲಿಸಿದೆ. ತಾಲೀಮಿಗೆ ಬಂದಿದ್ದ ಒಬ್ಬ ಮುತ್ಯಾ ಅವನ್ನು ಕೈಯಲ್ಲಿ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. ಹರೆಯದಲ್ಲಿ ತಲೆಯ ಮೇಲೆ, ಹೆಗಲ ಮೇಲೆ ಕಟ್ಟಿಗೆ ಹೊತ್ತು ಸಂತೆಗೆ ನಡೆದವರು ಅವರು.

"ತಮ್ಮಾ, ಇವಾ ಏನ್ ಕೆಲಸಾ ಮಾಡ್ತಾನ?" ಎಂದರು.

"ಕಟ್ಟಿಗಿ ಹೊರತಾನ್ರಿ ಮುತ್ಯಾ" ಎಂದೆ.

"ಹಂಗಂದ್ರ ಹೆಗಲ ಮ್ಯಾಲಿಂದು ಯಾಕ ಹೊಸಾದ್ ಐತಿ? ಮೊಣಕಾಲಾಗ ಯಾಕ ಹರದೈತಿ? ಇವಾ ಏನ್ ಅಂಬೆಗಾಲು ಇಡತಾನೇನು?"

ನನ್ನ ತಪ್ಪು ಆಗ ತಿಳಿಯಿತು. ಬಟ್ಟೆಯನ್ನು ಹಳೆಯದು ಮಾಡಿದ್ದೆ. ಯಾರ ಬಟ್ಟೆ ಎಂದು ಕೇಳಿಕೊಂಡಿರಲಿಲ್ಲ. ಬಟ್ಟೆ ತಾನಾಗಿ ಸವೆಯುವುದಿಲ್ಲ. ಕೆಲಸ ಎಲ್ಲಿ ಉಜ್ಜುತ್ತದೋ ಅಲ್ಲಿ ಸವೆಯುತ್ತದೆ. ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿ ಬಣ್ಣ ಹೋಗುತ್ತದೆ. ಕೈ ಎಲ್ಲಿ ಒರೆಸುತ್ತದೋ ಅಲ್ಲಿ ಕಲೆ ಕೂಡುತ್ತದೆ.

ಹಾಗಾದರೆ ಸಂತೆಯಲ್ಲಿ ಸಿಗುವ ಹಳೆಯ ಬಟ್ಟೆಯನ್ನೇ ತಂದರಾಗದೇ ಎಂದು ನೀವು ಕೇಳಬಹುದು. ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಟ್ಟು ಹೋಗುವ ಹೆಣ್ಣುಮಕ್ಕಳ ಹತ್ತಿರ ರಾಶಿ ರಾಶಿ ಸಿಗುತ್ತದೆ. ನಾನೂ ಕೊಳ್ಳುತ್ತೇನೆ, ಆದರೆ ತೇಪೆಗೆ ಮಾತ್ರ. ಆ ಬಟ್ಟೆ ಬೇರೆ ಯಾರದೋ ಬದುಕಿನಲ್ಲಿ ಸವೆದಿರುತ್ತದೆ. ಡ್ರೈವರನ ಅಂಗಿ ಬೆನ್ನಿನಲ್ಲಿ ಸವೆಯುತ್ತದೆ, ಸಿಂಪಿಗನ ಧೋತರ ತೊಡೆಯ ಮೇಲೆ. ಅದನ್ನು ಮಾರಯ್ಯನಿಗೆ ಉಡಿಸಿದರೆ ಆ ಮುತ್ಯಾನಂಥವರು ಮತ್ತೆ ಕೇಳುತ್ತಾರೆ, ಇವಾ ಏನ್ ಕೆಲಸಾ ಮಾಡ್ತಾನ ಎಂದು.

ಈಗ ಕೆಲಸಕ್ಕೆ ಕೂಡೋಣ. ಮೊದಲು ಬಟ್ಟೆಯನ್ನು ಆರಿಸಬೇಕು. ಶುದ್ಧ ಹತ್ತಿಯ ಬಟ್ಟೆ ಬೇಕು. ಮಾದರಪಾಟ ಆದೀತು, ಖಾದಿ ಇನ್ನೂ ಒಳ್ಳೆಯದು. ಟೆರಿಕಾಟ್, ಪಾಲಿಸ್ಟರ್ ಬೇಡ. ಅದಕ್ಕೆ ಚಹಾ ಹತ್ತುವುದಿಲ್ಲ, ಅದು ಉಜ್ಜಿದರೆ ಸವೆಯುವುದಿಲ್ಲ, ಗಂಟುಗಂಟಾಗಿ ಬೊಬ್ಬೆ ಏಳುತ್ತದೆ. ಅಂಗಡಿಯವರು ಹತ್ತಿ ಎಂದು ಹೇಳಿದ್ದನ್ನು ನಂಬಿ ಬರಬೇಡಿ. ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಚ್ಚಿ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಿಡುತ್ತದೆ. ಉಳಿಯುವುದು ಹಗುರವಾದ ಬೂದಿ, ಬೆರಳಿಗೆ ಪುಡಿಯಾಗುತ್ತದೆ. ಪಾಲಿಸ್ಟರ್ ಎಳೆ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಎರಡೂ ಕಂಡರೆ ಅದು ಬೆರಕೆ.

ಆರಿಸಿದ ಬಟ್ಟೆಯಲ್ಲಿ ಗಿರಣಿಯ ಗಂಜಿ ಇರುತ್ತದೆ. ಅದು ಹೋಗದೆ ಬೇರೆ ಏನೂ ಹತ್ತುವುದಿಲ್ಲ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ವಾಷಿಂಗ್ ಸೋಡಾ ಹಾಕಿದ ಬಿಸಿ ನೀರಿನಲ್ಲಿ ತಿಕ್ಕಿ. ಆಮೇಲೆ ಹಳ್ಳದ ಬಂಡೆಯ ಮೇಲೆ ಒಗೆಯಿರಿ. ಎರಡು ಮೂರು ದಿನ ಹೀಗೆ ಒಗೆದರೆ ಬಟ್ಟೆಯ ಬಿರುಸು ಹೋಗಿ, ಮೈಗೆ ಬಿದ್ದಾಗ ಜೋತುಬೀಳುತ್ತದೆ. ಹಳೆಯ ಬಟ್ಟೆಯ ಮೊದಲ ಗುರುತು ಬಣ್ಣವಲ್ಲ, ಈ ಜೋಲು. ದೂರ ಕೂತವರಿಗೂ ಅದು ಕಾಣುತ್ತದೆ.

ಬಟ್ಟೆ ಹತ್ತಿಯದು, ಗಂಜಿ ಹೋಗಿದೆ, ಮೆತ್ತಗಾಗಿದೆ. ಇನ್ನು ಸವೆತ. ಎಲ್ಲಿ ಸವೆಯಬೇಕು ಎಂದು ನಾವು ಮನಸ್ಸಿನಲ್ಲಿ ಊಹಿಸುವುದು ಬೇಡ. ನಟನಿಗೇ ಉಡಿಸಿ. ತಲೆಗೆ ರುಮಾಲು, ಹೆಗಲಿಗೆ ವಸ್ತ್ರ, ಟೊಂಕಕ್ಕೆ ಕೊಡಲಿ. ನಿಜವಾದ ಕಟ್ಟಿಗೆಯ ಹೊರೆ ಹೊರಿಸಿ. ಅಂಗಳದಲ್ಲಿ ಹತ್ತು ಸುತ್ತು ನಡೆಯಲಿ. ಹೊರೆ ಇಳಿಸಲಿ, ಮತ್ತೆ ಎತ್ತಲಿ, ಕೂತು ಬೆವರು ಒರೆಸಿಕೊಳ್ಳಲಿ. ನೀವು ಕೈಯಲ್ಲಿ ಸೀಮೆಸುಣ್ಣ ಹಿಡಿದು ಪಕ್ಕದಲ್ಲಿ ನಿಂತಿರಿ. ಎಲ್ಲೆಲ್ಲಿ ಬಟ್ಟೆ ಉಜ್ಜುತ್ತದೋ ಅಲ್ಲಿ ಗೀಟು ಹಾಕಿ.

ನಮ್ಮ ನಟನ ಮೇಲೆ ಬಿದ್ದ ಗೀಟುಗಳನ್ನು ಹೇಳುತ್ತೇನೆ, ಮನಸ್ಸಿನಲ್ಲಿ ಕಾಣಿಸಿಕೊಳ್ಳಿ. ಬಲ ಹೆಗಲಿನ ಮೇಲೆ ಅಂಗೈಯಗಲದ ಒಂದು ದೊಡ್ಡ ಗುರುತು, ಅದು ಹಿಂದಕ್ಕೆ ಇಳಿದು ಬೆನ್ನಿನ ಮೇಲ್ಭಾಗದವರೆಗೆ. ಎಡ ಹೆಗಲಿನಲ್ಲಿ ಏನೂ ಇಲ್ಲ. ರುಮಾಲಿನ ನೆತ್ತಿಯಲ್ಲಿ ಒಂದು ದುಂಡನೆಯ ಗುರುತು. ಟೊಂಕದ ಎಡಗಡೆ, ಕೊಡಲಿಯ ಕಾವು ತಾಗುವ ಕಡೆ, ಒಂದು ಉದ್ದ ಪಟ್ಟಿ. ಬಲ ತೊಡೆಯ ಮೇಲೆ ಕೈ ಒರೆಸುವ ಜಾಗ. ಧೋತರದ ಕೆಳಗೆ ಮೀನಖಂಡದ ಸುತ್ತ, ಜಾಲಿಯ ಮುಳ್ಳು ಹಿಡಿಯುವ ಜಾಗ. ಮೊಣಕಾಲಿನಲ್ಲಿ ಒಂದು ಗೀಟೂ ಇಲ್ಲ. ಮುತ್ಯಾ ಹೇಳಿದ್ದು ನಿಜ.

ಗುರುತು ಸಿಕ್ಕಿದ ಮೇಲೆ ಸವೆಸುವುದು. ಆ ಜಾಗದ ಕೆಳಗೆ ಒಂದು ಗುಂಡುಕಲ್ಲು ಇಡಿ. ಮೇಲಿಂದ ಉಸುಕಿನ ಕಾಗದ ಅಥವಾ ತಂತಿಯ ಬ್ರಷ್ಷಿನಿಂದ ತಿಕ್ಕಿ. ಒಂದೇ ದಿಕ್ಕಿಗೆ ತಿಕ್ಕಿ, ಹೊರೆ ಯಾವ ಕಡೆ ಜಾರುತ್ತದೋ ಆ ದಿಕ್ಕಿಗೆ. ಮೊದಲು ಬಟ್ಟೆಗೆ ಜುಂಗು ಏಳುತ್ತದೆ. ಆಮೇಲೆ ತೆಳ್ಳಗಾಗುತ್ತದೆ. ಬೆಳಕಿಗೆ ಹಿಡಿದರೆ ಜಾಳುಜಾಳಾಗಿ ಕಾಣುತ್ತದೆ. ಕೊನೆಗೆ ಒಂದು ದಿಕ್ಕಿನ ಎಳೆಗಳು ಹರಿದು ಇನ್ನೊಂದು ದಿಕ್ಕಿನವು ಏಣಿಯ ಮೆಟ್ಟಿಲಿನಂತೆ ಉಳಿಯುತ್ತವೆ. ಅಲ್ಲಿಗೆ ನಿಲ್ಲಿಸಿ. ಸವೆದ ತೂತಿನ ಸುತ್ತ ಯಾವಾಗಲೂ ತೆಳ್ಳಗಿನ ಒಂದು ಸೀಮೆ ಇರುತ್ತದೆ. ಕತ್ತರಿಯ ತೂತಿಗೆ ಆ ಸೀಮೆ ಇರುವುದಿಲ್ಲ, ಅದಕ್ಕೇ ಅದು ಸುಳ್ಳು ಎಂದು ಗೊತ್ತಾಗುತ್ತದೆ.

ಮುಳ್ಳಿನ ಹರಕು ಬೇರೆ ಥರ. ಮುಳ್ಳು ಬಟ್ಟೆಯನ್ನು ಹಿಡಿಯುತ್ತದೆ, ಮನುಷ್ಯ ಮುಂದೆ ನಡೆಯುತ್ತಾನೆ. ಬಟ್ಟೆ ಉದ್ದಕ್ಕೊಂದು, ಅಡ್ಡಕ್ಕೊಂದು ಸೀಳುತ್ತದೆ. ಎರಡು ಸೀಳು ಒಂದು ಮೂಲೆಯಲ್ಲಿ ಕೂಡುತ್ತವೆ, ಬಡಗಿಯ ಮೂಲೆಮಟ್ಟದಂತೆ. ಮೂಲೆಯ ತುಂಡು ಕಿವಿಯಂತೆ ಜೋತು ನಿಲ್ಲುತ್ತದೆ. ಇದನ್ನು ಮಾಡಲು ಉಪಾಯ ಏನೂ ಬೇಡ, ಜಾಲಿಯ ಟೊಂಗೆಗೇ ಸಿಕ್ಕಿಸಿ ಎಳೆಯಿರಿ. ಆದರೆ ಸೀಳಿನ ಎರಡೂ ತುದಿಗೆ ಒಳಗಿನಿಂದ ನಾಲ್ಕು ಗಟ್ಟಿ ಹೊಲಿಗೆ ಹಾಕಿ. ಇಲ್ಲದಿದ್ದರೆ ಎರಡನೆಯ ಅಂಕದಲ್ಲಿ ಗೇಣುದ್ದ ಇದ್ದದ್ದು ಮೂರನೆಯ ಅಂಕಕ್ಕೆ ಟೊಂಕದವರೆಗೆ ಹೋಗುತ್ತದೆ. ನಟನ ಮಾನದ ಪ್ರಶ್ನೆ ಅದು. ಹೆಗಲಿನ ಜಾಳಿಗೂ ಒಳಗಡೆ ಹೊಸ ಬಟ್ಟೆಯ ಒಂದು ಪಟ್ಟಿ ಕೊಡಿ. ಹೊರಗೆ ಸವೆದದ್ದೇ ಕಾಣಬೇಕು, ಒಳಗೆ ಗಟ್ಟಿ ಇರಬೇಕು.

ಇಷ್ಟು ಸವೆತದ ಮಾತು. ಬಲ ಹೆಗಲು, ನೆತ್ತಿ, ಟೊಂಕ, ತೊಡೆ, ಮೀನಖಂಡ, ಈ ಐದು ಜಾಗ ನೆನಪಿರಲಿ. ಇನ್ನು ಬಣ್ಣ ಮಾಸುವುದು.

ಮಾರಯ್ಯನ ರುಮಾಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಅದು ಗಾಢ ಕೆಂಪಾಗಿತ್ತು ಎಂದುಕೊಳ್ಳಿ. ವರ್ಷಗಟ್ಟಲೆ ಬಿಸಿಲಿನಲ್ಲಿ ಸುತ್ತಿದ ರುಮಾಲನ್ನು ಬಿಚ್ಚಿದರೆ ಏನು ಕಾಣುತ್ತದೆ? ಹೊರಗಿದ್ದ ಸುತ್ತು ಮಾಸಿ ಇಟ್ಟಿಗೆಯ ಪುಡಿಯ ಬಣ್ಣವಾಗಿರುತ್ತದೆ. ಮಡಿಕೆಯ ಒಳಗಿದ್ದದ್ದು ಕೆಂಪಾಗಿಯೇ ಉಳಿದಿರುತ್ತದೆ. ಎರಡರ ನಡುವೆ ಓರೆಯಾದ ಪಟ್ಟೆಗಳು. ಇಡೀ ರುಮಾಲನ್ನು ಒಂದೇ ಸಮ ಮಾಸಿಸಿದರೆ ಅದು ಮಾಸಿದ್ದು ಅನ್ನಿಸುವುದಿಲ್ಲ, ತಿಳಿ ಬಣ್ಣದ ಹೊಸ ರುಮಾಲು ಅನ್ನಿಸುತ್ತದೆ. ನನ್ನ ಚಹಾದ ಧೋತರಕ್ಕೆ ಆದದ್ದೂ ಇದೇ. ದೂರದಿಂದ ಅದು ಹೊಸ ಕೆನೆಬಣ್ಣದ ಧೋತರವಾಗಿ ಕಾಣುತ್ತಿತ್ತು.

ಹೀಗೆ ಮಾಡಿ. ರುಮಾಲನ್ನು ತಲೆಗೆ ಸುತ್ತುವಂತೆಯೇ ಒಂದು ಬುಟ್ಟಿಗೋ ಕೊಡಕ್ಕೋ ಸುತ್ತಿ, ಸುತಳಿಯಿಂದ ಕಟ್ಟಿ. ಹಾಗೆಯೇ ಮಾಳಿಗೆಯ ಮೇಲೆ ಇಡಿ. ಬೇಸಿಗೆಯಲ್ಲಿ ಒಂದು ತಿಂಗಳು ಕೈಯಲ್ಲಿದ್ದರೆ ಬಿಸಿಲೇ ಸಾಕು, ದಿನಕ್ಕೆರಡು ಸಲ ನೀರು ಚಿಮುಕಿಸಿ. ಜಾತ್ರೆ ಹತ್ತಿರವಿದ್ದರೆ ಬ್ಲೀಚಿಂಗ್ ಪುಡಿ ಬೇಕಾಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ. ಚೆನ್ನಾಗಿ ಕಲಕಿ, ತಿಳಿಯಾದ ಮೇಲೆ ಬಟ್ಟೆಯಲ್ಲಿ ಸೋಸಿ. ಸೋಸದೆ ಬಿಟ್ಟರೆ ಪುಡಿಯ ಕಾಳು ಕೂತ ಕಡೆಯೆಲ್ಲ ಎರಡು ದಿನದಲ್ಲಿ ತೂತು ಬೀಳುತ್ತದೆ. ಸೋಸಿದ ನೀರನ್ನು ಸುತ್ತಿನ ಹೊರಮೈಗೆ ಮಾತ್ರ ಹಚ್ಚಿ. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ಯಾಕೆಂದರೆ ಕೆಲವು ಕೆಂಪು ಬಣ್ಣ ಮಾಸುವಾಗ ಹಳದಿಗೆ ತಿರುಗುತ್ತವೆ.

ನಿಮಗೆ ಬೇಕಾದ ಬಣ್ಣ ಬರುವ ಸ್ವಲ್ಪ ಮೊದಲೇ ಬಿಚ್ಚಿ ನೀರಿನಲ್ಲಿ ಜಾಲಿಸಿ. ಬರಿ ನೀರು ಸಾಲದು, ಬ್ಲೀಚು ಎಳೆಯೊಳಗೆ ಉಳಿದು ಕೆಲಸ ಮಾಡುತ್ತಲೇ ಇರುತ್ತದೆ. ಹಳೆಯ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋ ಹರಳು ಒಂದು ಚಮಚವನ್ನು ಒಂದು ಲೀಟರ್ ನೀರಿಗೆ ಹಾಕಿ, ಅದರಲ್ಲಿ ಹತ್ತು ನಿಮಿಷ ಅದ್ದಿ, ಮತ್ತೆ ಜಾಲಿಸಿ. ಹುಳಿಯಿಂದ ಬ್ಲೀಚನ್ನು ತಣಿಸುತ್ತೇನೆ ಎಂದು ವಿನೆಗರ್, ಹುಣಸೆಹಣ್ಣು ಬೆರೆಸಲು ಹೋಗಬೇಡಿ. ಉಸಿರು ಕಟ್ಟಿಸುವ ವಿಷಗಾಳಿ ಏಳುತ್ತದೆ. ಕಂಬಳಿಗೆ, ರೇಷ್ಮೆಗೆ ಬ್ಲೀಚು ಬೇಡವೇ ಬೇಡ. ಉಣ್ಣೆ ಕರಗಿ ಹೋಗುತ್ತದೆ.

ಸವೆತ ಆಯಿತು, ಮಾಸಿದ್ದಾಯಿತು. ಇನ್ನು ತೇಪೆ. ನಾವು ಮಾತಿನಲ್ಲಿ ತ್ಯಾಪಿ ಅನ್ನುತ್ತೇವೆ, ನಮ್ಮ ಮರಾಠಿ ನೆರೆಯವರು ಠಿಗಳ ಅನ್ನುತ್ತಾರೆ. ಹಳ್ಳಿ ನಾಟಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಇದೇ. ಬಣ್ಣ ಬಣ್ಣದ ಚೌಕಗಳನ್ನು ಎದೆಯ ಮೇಲೆ, ಹೊಟ್ಟೆಯ ಮೇಲೆ ಅಂಟಿಸಿದರೆ ಜನ ನಗುತ್ತಾರೆ. ಹಾಸ್ಯದ ಪಾತ್ರಕ್ಕೆ ಅದು ಸರಿ. ಮಾರಯ್ಯನನ್ನು ನೋಡಿ ಜನ ನಗಬಾರದು.

ತೇಪೆ ಹಾಕುವುದನ್ನು ನಾನು ಕಲಿತದ್ದು ಕೌದಿ ಹೊಲಿಯುವ ಒಬ್ಬ ಅವ್ವನಿಂದ. ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹೊಲಿಯುತ್ತಿದ್ದರು. ಅವರು ಹರಿದ ಜಾಗಕ್ಕಿಂತ ಎರಡು ಬೆರಳು ದೊಡ್ಡದಾದ ತುಂಡನ್ನು ಆರಿಸುತ್ತಾರೆ. ಯಾಕೆಂದರೆ ತೂತಿನ ಅಂಚು ತೆಳ್ಳಗಿರುತ್ತದೆ, ಹೊಲಿಗೆ ಹಿಡಿಯುವುದಿಲ್ಲ. ಗಟ್ಟಿ ಬಟ್ಟೆ ಸಿಗುವವರೆಗೆ ತೇಪೆ ಹೋಗಬೇಕು. ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಉಗುರಿನಿಂದ ಗೀರಿ ಕೂಡಿಸುತ್ತಾರೆ. ಆಮೇಲೆ ಸಣ್ಣ ಸಣ್ಣ ಗೋಧಿಕಾಳಿನಂಥ ಓಟದ ಹೊಲಿಗೆ. ಅಂಚಿಗೊಂದು ಸುತ್ತು, ಅದರ ಒಳಗೆ ಇನ್ನೊಂದು, ಅದರ ಒಳಗೆ ಮತ್ತೊಂದು. ದಾರ ಮುಗಿದರೆ ಕೈಗೆ ಸಿಕ್ಕ ಬಣ್ಣದ ದಾರ. ಹೊಲಿದ ಜಾಗ ಸ್ವಲ್ಪ ಮುದುಡಿ, ಸುತ್ತಲಿನ ಬಟ್ಟೆ ಸಣ್ಣಗೆ ಅಲೆಯೆದ್ದಂತೆ ಕಾಣುತ್ತದೆ. ಮಷೀನಿನ ತೇಪೆಗೆ ಆ ಅಲೆ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ತೇಪೆ ಯಾವಾಗಲೂ ಬಟ್ಟೆಗಿಂತ ಚಿಕ್ಕ ವಯಸ್ಸಿನದು. ಬಟ್ಟೆ ಮಾಸಿದ ಮೇಲೆ ಅದು ಬಂದು ಕೂತಿದೆ. ಅದಕ್ಕೇ ಅದರ ಬಣ್ಣ ಸುತ್ತಲಿನದಕ್ಕಿಂತ ತುಸು ಗಾಢವಾಗಿರಬೇಕು. ಆದರೆ ಅದೂ ಯಾವುದೋ ಹಳೆಯ ಬಟ್ಟೆಯ ತುಂಡೇ ಆಗಿರುವುದರಿಂದ ಹೊಸ ಹೊಳಪೂ ಇರಬಾರದು. ಮಾರಯ್ಯನ ಹೆಗಲಿಗೆ ನಾವು ಎರಡು ತೇಪೆ ಹಾಕಿದೆವು. ಒಂದು ತಿಳಿ ಮಣ್ಣಿನ ಬಣ್ಣದ್ದು, ಹಳೆಯದು. ಅದರ ಮೇಲೆ ಅರ್ಧ ಏರಿಕೊಂಡು ಇನ್ನೊಂದು, ಸ್ವಲ್ಪ ಗಾಢ. ಮೊದಲ ತೇಪೆಯೂ ಸವೆದ ಮೇಲೆ ಎರಡನೆಯದು ಬಂತು ಎಂದು ಅರ್ಥ. ಹಾಕಿದ ಮೇಲೆ ಎರಡನ್ನೂ ಮತ್ತೆ ಉಸುಕಿನ ಕಾಗದದಿಂದ ನಾಲ್ಕು ಸಲ ತಿಕ್ಕಿದೆವು. ಆ ಹೆಗಲು ಹೊರೆ ಹೊರುವುದನ್ನು ನಿಲ್ಲಿಸಿಲ್ಲವಲ್ಲ.

ಈಗ ಕಲೆಯ ಮಾತು. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಬಡತನವನ್ನೂ ಕೊಳೆಯನ್ನೂ ಒಂದೇ ಎಂದು ನಾವು ರಂಗದ ಮೇಲೆ ತೋರಿಸುತ್ತ ಬಂದಿದ್ದೇವೆ. ಬಡವನೆಂದರೆ ಮೈತುಂಬ ಮಸಿ ಬಳಿಯುವುದು. ಅದು ನನಗೆ ಒಪ್ಪಿಗೆಯಿಲ್ಲ. ಮಾರಯ್ಯ ದಿನಾ ಲಿಂಗಪೂಜೆ ಮಾಡುವವನು. ಅವನಿದ್ದ ಊರಿನಲ್ಲೇ ಮಡಿವಾಳ ಮಾಚಿದೇವ ಶರಣರ ಬಟ್ಟೆ ಒಗೆಯುತ್ತಿದ್ದ. ಸೂಜಿಕಾಯಕದ ರಾಮಿತಂದೆ ಎಂಬ ಶರಣನೂ ಅಲ್ಲಿಯವನೇ. ಅಂಥ ಊರಿನಲ್ಲಿ ಮಾರಯ್ಯನ ಧೋತರ ಹರಿದಿರಬಹುದು, ತೇಪೆ ಹಾಕಿರಬಹುದು, ಆದರೆ ಒಗೆದಿರುತ್ತದೆ. ಹಾಗಾಗಿ ಅವನ ಬಟ್ಟೆಯ ಮೇಲೆ ಎರಡೇ ಬಗೆಯ ಕಲೆ ಇರಬಹುದು. ಒಗೆದರೂ ಹೋಗದ ಹಳೆಯ ಕಲೆ. ಮತ್ತೆ ಇವತ್ತು ಬೆಳಿಗ್ಗೆ ಅಡವಿಯಲ್ಲಿ ಹತ್ತಿದ ಹೊಸ ಮಣ್ಣು.

ಹೋಗದ ಕಲೆ ಯಾವುದು? ಆ ಮುತ್ಯಾ ತಮ್ಮ ಹಳೆಯ ಧೋತರ ತಂದು ತೋರಿಸಿದರು. ಟೊಂಕದ ಹತ್ತಿರ ನೀಲಿಗಪ್ಪು ಮಚ್ಚೆಗಳು. ಮಸಿ ಚೆಲ್ಲಿದಂತೆ. ಅದು ಕೊಡಲಿಯ ಕಲೆ. ಜಾಲಿಯ ತೊಗಟೆಯಲ್ಲಿ ಒಗರು ಇರುತ್ತದೆ, ತೊಗಲು ಹದಮಾಡಲು ಬಳಸುವ ಒಗರು. ಕಟ್ಟಿಗೆಯಿಂದ ಅದು ಬಟ್ಟೆಗೆ ಹತ್ತುತ್ತದೆ. ಬೆವರಿನ ಒದ್ದೆಯಲ್ಲಿ ಕೊಡಲಿಯ ಕಬ್ಬಿಣ ತಾಗುತ್ತದೆ. ಒಗರು, ಕಬ್ಬಿಣ ಎರಡೂ ಕೂಡಿದರೆ ಕಪ್ಪು. ಹಿಂದೆ ಒಂದು ಬಗೆಯ ಮಸಿ ತಯಾರಿಸುತ್ತಿದ್ದದ್ದೂ ಹೀಗೆಯೇ. ಯಾವ ಸಾಬೂನಿಗೂ ಅದು ಬಿಡುವುದಿಲ್ಲ.

ಇದನ್ನು ನಾವೂ ಹಾಗೆಯೇ ಮಾಡಬಹುದು. ಮೊದಲು ಒಗರಿನ ನೀರು. ಐದು ಲೀಟರ್ ನೀರಿಗೆ ನೂರು ಗ್ರಾಂ ಚಹಾಪುಡಿ, ಅಥವಾ ಎರಡು ಹಿಡಿ ಜಾಲಿಯ ತೊಗಟೆ. ಕಾಲು ಗಂಟೆ ಕುದಿಸಿ ಸೋಸಿ. ಧೋತರವನ್ನು ಇಡೀ ಅದ್ದಬೇಡಿ. ನೀರಿನಲ್ಲಿ ನೆನೆಸಿ ಹಿಂಡಿದ ಧೋತರವನ್ನು ಹಾಸಿ, ಟೊಂಕ, ತೊಡೆ, ಅಂಚುಗಳಿಗೆ ಅರಿವೆಯ ಉಂಡೆಯಿಂದ ಹಚ್ಚಿ. ಒದ್ದೆಯಿದ್ದಾಗ ಕಪ್ಪಗೆ ಕಾಣುತ್ತದೆಂದು ಹೆದರಬೇಡಿ, ಒಣಗಿದರೆ ಅರ್ಧ ತಿಳಿಯಾಗುತ್ತದೆ. ಇನ್ನೊಂದು ಡಬ್ಬಿಯಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ನಾಲ್ಕೈದು ದಿನ ಮೊದಲೇ ನೆನೆಹಾಕಿರಿ. ಆ ನೀರನ್ನು ಬೇವಿನ ಕಡ್ಡಿಯಿಂದ ಟೊಂಕದ ಜಾಗಕ್ಕೆ ಮಾತ್ರ ಮುಟ್ಟಿಸಿ. ನೀವು ನೋಡುತ್ತಿರುವಂತೆಯೇ ಕಂದು ಬಣ್ಣ ಕಪ್ಪಿಗೆ ತಿರುಗುತ್ತದೆ. ನಾಲ್ಕು ಮಚ್ಚೆ ಸಾಕು. ಕಬ್ಬಿಣದ ನೀರು ಕಾಲ ಕಳೆದಂತೆ ಎಳೆಯನ್ನು ತಿನ್ನುತ್ತದೆ, ಹೆಚ್ಚಾದರೆ ಮುಂದಿನ ಜಾತ್ರೆಗೆ ಧೋತರ ಉಳಿಯುವುದಿಲ್ಲ. ಈ ಡಬ್ಬಿ ಬ್ಲೀಚಿನ ಪಾತ್ರೆಯ ಹತ್ತಿರ ಸುಳಿಯದಿರಲಿ, ಇದರಲ್ಲಿರುವುದೂ ಹುಳಿಯೇ.

ಬೆವರಿನ ಕಲೆಗೆ ಬೇರೆ ಹದ. ಬೆವರು ಒಣಗುವಾಗ ನಡುವೆ ಏನೂ ಉಳಿಯುವುದಿಲ್ಲ, ಅಂಚಿನಲ್ಲಿ ಗೆರೆ ಕೂಡುತ್ತದೆ. ಕೆರೆಯ ನೀರು ಇಳಿದಾಗ ದಂಡೆಯ ಮೇಲೆ ಗೆರೆ ಬೀಳುವಂತೆ. ಬೆನ್ನಿನ ವಸ್ತ್ರವನ್ನು ಹಾಸಿ, ತೆಳ್ಳನೆಯ ಚಹಾ ನೀರನ್ನು ನಡುವೆ ಸುರಿದು, ನೆರಳಿನಲ್ಲಿ ಮುಟ್ಟದೆ ಬಿಡಿ. ನಿಧಾನವಾಗಿ ಒಣಗಿದರೆ ಅಂಚಿಗೆ ತೆಳು ಕಂದು ಗೆರೆ ಬರುತ್ತದೆ. ಮರುದಿನ ಅದಕ್ಕಿಂತ ಚಿಕ್ಕದಾಗಿ ಇನ್ನೊಮ್ಮೆ. ಒಂದರೊಳಗೊಂದು ಗೆರೆ. ಕಂಬಳಿಯಂಥ ಕಪ್ಪು ಬಟ್ಟೆಯ ಮೇಲಾದರೆ ಉಪ್ಪುನೀರು ಸಾಕು, ಒಣಗಿದಾಗ ಬೆಳ್ಳಗೆ ಕಾಣುತ್ತದೆ.

ಹೋಗದ ಕಲೆ ಎರಡಾದವು, ಕೊಡಲಿಯದು ಮತ್ತು ಬೆವರಿನದು. ಉಳಿದದ್ದು ಮಣ್ಣು. ಇಲ್ಲಿ ನಮ್ಮ ನೆಲವನ್ನು ನೆನಪಿಡಬೇಕು. ಉಮರ್ಗಾ, ನಿಲಂಗಾದ್ದು ಎರೆಭೂಮಿ. ಹಸಿಯಿದ್ದಾಗ ಕಪ್ಪು, ಬಟ್ಟೆಯ ಮೇಲೆ ಒಣಗಿದರೆ ಬೂದಿ ಬಣ್ಣ. ಬೀದರ, ಹುಮನಾಬಾದಿನ ಕಡೆಯ ಜಂಬಿಟ್ಟಿಗೆ ನೆಲ ಕೆಂಪು. ಮೋಳಕೇರಾದ ಕಡೆ ಕಟ್ಟಿಗೆ ಕಡಿದವನ ಧೋತರದ ಅಂಚಿಗೆ ನಾವು ಕೆಮ್ಮಣ್ಣನ್ನೇ ಹಚ್ಚಿದೆವು. ನೋಡುವವರು ನಮ್ಮ ಜನ, ದಿನಾ ಮಣ್ಣಿನಲ್ಲಿ ಕಾಲಿಡುವವರು. ಅವರಿಗೆ ತಿಳಿಯುತ್ತದೆ. ಹಸಿ ಮಣ್ಣನ್ನು ನೇರ ಮೆತ್ತಿದರೆ ಒಣಗಿ ಬಿಲ್ಲೆಬಿಲ್ಲೆಯಾಗಿ ರಂಗದ ಮೇಲೆ ಉದುರುತ್ತದೆ. ಮಣ್ಣನ್ನು ಕುಟ್ಟಿ, ವಸ್ತ್ರಗಾಳಿ ಹಿಡಿದು, ತೆಳ್ಳನೆಯ ಗಂಜಿಯಲ್ಲಿ ಕಲಸಿ, ಕಸಬರಿಗೆಯ ಕಡ್ಡಿಯಿಂದ ಕೆಳಗಿನಿಂದ ಮೇಲಕ್ಕೆ ಚಿಮುಕಿಸಿ. ನಡೆಯುವಾಗ ಮಣ್ಣು ಸಿಡಿಯುವುದು ಕೆಳಗಿನಿಂದಲೇ. ಅಂಚಿನಲ್ಲಿ ದಟ್ಟ, ಮೇಲೆ ಹೋದಂತೆ ವಿರಳ, ಮೊಣಕಾಲಿಗೆ ಬರುವಷ್ಟರಲ್ಲಿ ಇಲ್ಲ.

ಮಾರಯ್ಯನ ಹೆಂಡತಿ ಮಹಾದೇವಿಯ ಸೀರೆಯನ್ನೂ ಮರೆಯುವಂತಿಲ್ಲ. ಆಕೆಯೂ ರಾಣಿಯಾಗಿದ್ದವಳು. ಲೆಕ್ಕ ಅದೇ, ಕೆಲಸ ಬೇರೆ. ಕೊಡ ಕೂರುವ ಎಡ ನಡುವಿನಲ್ಲಿ ಸವೆತ. ಹಿಮ್ಮಡಿ ತುಳಿಯುವ ಹಿಂದಿನ ಅಂಚು ಎಳೆ ಎಳೆಯಾಗಿ ಬಿಟ್ಟಿರಬೇಕು. ಕೈ ಒರೆಸುವ, ಬಿಸಿ ಪಾತ್ರೆ ಇಳಿಸುವ ಸೆರಗಿನ ತುದಿಯಲ್ಲಿ ಕಲೆ. ಸೆರಗು ಹೊತ್ತ ತಲೆಯ ಮೇಲೆ ಮಾತ್ರ ಬಿಸಿಲಿಗೆ ಮಾಸಿದ್ದು. ಇಳಕಲ್ ಸೀರೆಯನ್ನು ಬಳಸುವುದಾದರೆ ಹತ್ತಿಯದನ್ನೇ ಆರಿಸಿ. ಸೆರಗಿನ ಕೆಂಪು ಕೃತಕ ರೇಷ್ಮೆಯದಾಗಿದ್ದರೆ ಒಡಲು ಮಾಸಿದರೂ ಅದು ಮಿರಮಿರ ಮಿಂಚುತ್ತ ಕೂರುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಒಂದು ಪರೀಕ್ಷೆ ಬಾಕಿ. ಮನೆಯ ಅಂಗಳದಲ್ಲಿ, ಹಗಲಿನಲ್ಲಿ, ಒಂದು ಮೊಳದ ದೂರದಿಂದ ನೋಡಿ ಮಾಡಿದ ಕೆಲಸ ಇದು. ಜನ ನೋಡುವುದು ರಾತ್ರಿ, ಮೂವತ್ತು ನಲವತ್ತು ಅಡಿ ದೂರದಿಂದ. ಹಾಗಾಗಿ ನಾಟಕದ ಹಿಂದಿನ ರಾತ್ರಿ ನಟನನ್ನು ರಂಗದ ಮೇಲೆ ನಿಲ್ಲಿಸಿ, ಅವತ್ತು ಹಚ್ಚುವ ದೀಪವನ್ನೇ ಹಚ್ಚಿ, ಕೊನೆಯ ಸಾಲಿನಲ್ಲಿ ಹೋಗಿ ಕೂತು ನೋಡಿ. ಹಳದಿ ಹ್ಯಾಲೋಜನ್ ಬೆಳಕಿನಲ್ಲಿ ಚಹಾದ ಕಲೆ ಮಾಯವಾಗುತ್ತದೆ. ಬಿಳಿ ಎಲ್‌ಇಡಿ ಬೆಳಕಿನಲ್ಲಿ ತಿಳಿಯಾಗಿ ಮಾಸಿಸಿದ್ದೆಲ್ಲ ಬರೀ ಬಿಳಿಯಾಗಿ ಹೊಡೆಯುತ್ತದೆ. ಬೆನ್ನಿನ ವಸ್ತ್ರದಲ್ಲಿ ಅಷ್ಟು ಕಷ್ಟಪಟ್ಟು ಮಾಡಿದ ಬೆವರಿನ ಗೆರೆಗಳು ಐದನೆಯ ಸಾಲಿಗೇ ಅಳಿಸಿ ಹೋಗಿದ್ದವು. ಹೆಗಲಿನ ತೇಪೆ ಮಾತ್ರ ಕೊನೆಯವರೆಗೂ ಕಂಡಿತು. ಅವತ್ತು ರಾತ್ರಿ ಗೆರೆಗಳ ಮೇಲೆ ಇನ್ನೊಂದು ಕೈ ಗಾಢ ಚಹಾ ಎಳೆದೆವು. ಕೊಡಲಿಯ ಕಲೆಯನ್ನು ಮುಟ್ಟಲಿಲ್ಲ, ಅದು ಇದ್ದಷ್ಟೇ ಸಾಕಾಗಿತ್ತು.

ನಾಟಕದ ರಾತ್ರಿ ಮಾರಯ್ಯ ಹೊರೆ ಹೊತ್ತು ಬಂದ. ಮುಂದಿನ ಸಾಲಿನಲ್ಲಿ ಮುತ್ಯಾ ಕೂತಿದ್ದರು. ಆಟ ಮುಗಿದ ಮೇಲೆ ಒಳಗೆ ಬಂದು ನಟನ ಬಲ ಹೆಗಲನ್ನು ಮುಟ್ಟಿ ನೋಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇನ್ನೂ ಒಂದು ತ್ಯಾಪಿ ಬೀಳತಿತ್ತು ತಮ್ಮಾ, ಹಿಂದಿನ ಮಗ್ಗಲಿಗಿ" ಎಂದರು.

ಸರಿ, ಬಟ್ಟೆಯನ್ನು ಗಂಟು ಕಟ್ಟುವ ಮೊದಲು ಎರಡು ಮಾತು. ಆಟ ಮುಗಿದ ಮೇಲೆ ಒಗೆಯಬೇಡಿ, ಮಣ್ಣೂ ಗಂಜಿಯೂ ಬಿಟ್ಟು ಹೋಗುತ್ತವೆ. ನಟನ ಬೆವರಿನಿಂದ ಒದ್ದೆಯಾದದ್ದನ್ನು ಹಾಗೆಯೇ ಮಡಚಲೂ ಬೇಡಿ, ಗಂಜಿಗೆ ಬೂಷ್ಟು ಹಿಡಿಯುತ್ತದೆ. ಒಳಮೈ ಹೊರಗೆ ಮಾಡಿ, ಎರಡು ದಿನ ಬಿಸಿಲಿಗೆ ಹಾಕಿ. ಒಣ ಬೇವಿನ ಎಲೆ ಇಟ್ಟು ಹತ್ತಿಯ ಬಟ್ಟೆಯಲ್ಲಿ ಕಟ್ಟಿಡಿ. ನಮ್ಮ ಮಾರಯ್ಯನ ಗಂಟು ಗುಡಿಯ ಹಿಂದಿನ ಕೋಣೆಯಲ್ಲಿದೆ. ಅದರೊಳಗೆ ಒಂದು ಗೇಣು ಕೆಮ್ಮಣ್ಣಿನ ಬಣ್ಣದ ಬಟ್ಟೆಯ ತುಂಡೂ ಇದೆ. ಬರುವ ಜಾತ್ರೆಗೆ ಬಲ ಹೆಗಲಿನ ಹಿಂದಿನ ಮಗ್ಗಲಿಗೆ ಹಾಕಲಿಕ್ಕೆ.